ಮೂರು ಸಾಕ್ಷಿಗಳು ಒಂದೇ ಮಾತು ಹೇಳಬೇಕು: ಒಂದು ಹಳೆಯ ಒಮೆಗಾ ಪರೀಕ್ಷೆಯ ಅನುಭವ

‘ಈ ಹಳೆಯ ಗಡಿಯಾರ ಅಸಲಿಯೇ?’ ಎಂದು ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಅನುಮಾನ: ಹೆಸರು ಒಂದು ಕಂಪನಿಯದು, ಮಾಡಿದವರು ಇನ್ನಾರೋ ಆಗಿರಬಹುದೇ ಎಂದು. ಐವತ್ತು ಅರವತ್ತು ವರ್ಷ ಹಳೆಯ ಗಡಿಯಾರಗಳಲ್ಲಿ ನಿಜವಾದ ತೊಡಕು ಬೇರೆಯೇ. ಡಯಲ್ ಅದೇ ಕಂಪನಿಯದು, ಒಳಗಿನ ಮಷೀನು ಅದೇ ಕಂಪನಿಯದು, ಕೇಸೂ ಅದೇ ಕಂಪನಿಯದು. ಆದರೆ ಮೂರೂ ಮೂರು ಬೇರೆ ಗಡಿಯಾರಗಳಿಂದ ಬಂದು ಒಟ್ಟುಗೂಡಿರಬಹುದು. ಇಲ್ಲವೇ ಮೂರೂ ಒಟ್ಟಿಗೇ ಕಾರ್ಖಾನೆಯಿಂದ ಹೊರಟಿದ್ದು, ನಡುವೆ ಯಾರೋ ಮಾಸಿದ ಡಯಲ್ಲಿನ ಬಣ್ಣ ತೆಗೆಸಿ ಹೊಸದಾಗಿ ಬಣ್ಣ ಬಳಿಸಿ, ಅಕ್ಷರ ಅಚ್ಚು ಹಾಕಿಸಿರಬಹುದು. ಮೊದಲನೆಯದು ಕಲಬೆರಕೆ ಗಡಿಯಾರ, ಎರಡನೆಯದು ರೀಡಯಲ್. ಎರಡೂ ಸೇರಿಕೊಂಡ ಗಡಿಯಾರಗಳಿಗೂ ಕೊರತೆಯಿಲ್ಲ. ಅಂಥದ್ದೊಂದನ್ನು ಹಂತ ಹಂತವಾಗಿ ಪರೀಕ್ಷಿಸಿದ್ದರ ವಿವರ ಇಲ್ಲಿದೆ.

ಗಡಿಯಾರ ಕೊಳ್ಳಲು ಹೊರಟಿದ್ದವರು ನನ್ನ ಸಹೋದ್ಯೋಗಿ. ಮಾರುವವರು ತಮ್ಮ ದೊಡ್ಡಪ್ಪನ ವಸ್ತುಗಳನ್ನು ವಿಲೇವಾರಿ ಮಾಡುತ್ತಿದ್ದ ಒಬ್ಬ ಸಜ್ಜನರು. ಒಮೆಗಾ ಕಾನ್‌ಸ್ಟೆಲೇಶನ್, ಸ್ಟೀಲ್ ಕೇಸ್, ತಾರೀಖು ಇದೆ, 1963ರಲ್ಲಿ ಕೊಂಡದ್ದು, ಎಲ್ಲವೂ ಮೂಲದ್ದೇ ಎಂದು ಅವರು ಹೇಳಿದ್ದರು. ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಹಳೆಯ ಗಡಿಯಾರ ಮನೆಯವರಿಗೆ ಗೊತ್ತಿಲ್ಲದೆ ಎಷ್ಟೋ ರಿಪೇರಿ ಮೇಜುಗಳ ಮೇಲೆ ಮಲಗಿ ಎದ್ದಿರುತ್ತದೆ.

ಕಾನ್‌ಸ್ಟೆಲೇಶನ್ ಎಂಬುದು 1952ರಲ್ಲಿ ಒಮೆಗಾ ಆರಂಭಿಸಿದ ಮಾಲಿಕೆ. ನಿಖರತೆಯ ಅಧಿಕೃತ ಪರೀಕ್ಷೆಯಲ್ಲಿ ಉತ್ತೀರ್ಣವಾದ ಮಷೀನುಗಳಿಗೆ ಮಾತ್ರ ಕ್ರೊನೊಮೀಟರ್ ಎಂಬ ಹೆಸರು ಸಲ್ಲುತ್ತದೆ. ಆ ಕಾಲದ ಕಾನ್‌ಸ್ಟೆಲೇಶನ್‌ಗಳಿಗೆ ಆ ಹೆಸರೇ ಹೆಗ್ಗಳಿಕೆ. ಹಿಂಬದಿ ಮುಚ್ಚಳದ ಮೇಲೆ ಜಿನೀವಾದ ವೀಕ್ಷಣಾಲಯ ಮತ್ತು ಎಂಟು ನಕ್ಷತ್ರಗಳ ಉಬ್ಬುಚಿತ್ರ ಇರುತ್ತದೆ. ಅದೇ ಕಾಲದಲ್ಲಿ ಒಮೆಗಾ ಸೀಮಾಸ್ಟರ್ ಎಂಬ, ಹೆಚ್ಚು ಸಂಖ್ಯೆಯಲ್ಲಿ ಸಿಗುವ ಮಾಲಿಕೆಯನ್ನೂ ಮಾಡುತ್ತಿತ್ತು. ಎರಡರ ಮಷೀನುಗಳೂ ಒಂದೇ ಕುಟುಂಬದವು, ಅಳತೆಯೂ ಒಂದೇ. ಒಂದರದ್ದನ್ನು ತೆಗೆದು ಇನ್ನೊಂದರಲ್ಲಿ ಕೂರಿಸಿದರೆ ಸಲೀಸಾಗಿ ಕೂರುತ್ತದೆ. ಹಾಗಾಗಿಯೇ ಕಾನ್‌ಸ್ಟೆಲೇಶನ್ ಎಂದು ಬರೆದಿರುವ ಗಡಿಯಾರವನ್ನು ಸೀಮಾಸ್ಟರ್‌ಗಿಂತ ಹೆಚ್ಚು ಅನುಮಾನದಿಂದ ನೋಡಬೇಕು.

ನಾನು ಮೊದಲು ಕೇಳಿದ್ದು ಫೋಟೋಗಳನ್ನು. ಗಡಿಯಾರದ ನೇರ ಎದುರಿನಿಂದ ಒಂದು, ಕಿಟಕಿಯ ಬೆಳಕು ಡಯಲ್ಲಿನ ಮೇಲೆ ಓರೆಯಾಗಿ ಬೀಳುವಂತೆ ಒಂದು, ಪಕ್ಕದಿಂದ ಒಂದು, ಹಿಂಬದಿಯದ್ದು ಒಂದು. ಎದುರಿನಿಂದ ತೆಗೆದ ಫೋಟೋ ಅಕ್ಷರಗಳ ಜಾಗ ತೋರಿಸುತ್ತದೆ. ಓರೆ ಬೆಳಕಿನದ್ದು ಮೇಲ್ಮೈಯ ಕಥೆ ಹೇಳುತ್ತದೆ. ಫೋಟೋದಲ್ಲಿ ನನಗೆ ಕಂಡದ್ದು ತೀರಾ ಶುಭ್ರವಾದ ಬೆಳ್ಳಿ ಬಣ್ಣದ ಡಯಲ್. ಗಾಜಿನ ಮೇಲೆ ಗೀರುಗಳು, ಕೇಸಿನ ಅಂಚುಗಳಲ್ಲಿ ಸವೆತ, ಹಿಂಬದಿಯ ನಕ್ಷತ್ರಗಳು ಅರ್ಧ ಅಳಿಸಿವೆ. ಡಯಲ್ ಮಾತ್ರ ನಿನ್ನೆ ಮೊನ್ನೆಯದು. ಇದೊಂದೇ ಕಾರಣಕ್ಕೆ ರೀಡಯಲ್ ಎಂದು ತೀರ್ಪು ಕೊಡುವಂತಿಲ್ಲ. ಗಾಜಿನ ಕೆಳಗೆ ತೇವ ಸೇರದೆ ಅಚ್ಚುಕಟ್ಟಾಗಿ ಉಳಿದ ಡಯಲ್‌ಗಳೂ ಇರುತ್ತವೆ. ಆದರೆ ಕೈಗೆ ತೆಗೆದುಕೊಂಡಾಗ ಎಲ್ಲಿಂದ ಆರಂಭಿಸಬೇಕು ಎಂಬುದು ಗೊತ್ತಾಯಿತು.

ಗಡಿಯಾರ ಕೈಗೆ ಬಂದಾಗ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ಕೂತೆ. ಹೋಲಿಕೆಗೆ ನನ್ನದೇ ಒಂದು ಕಾನ್‌ಸ್ಟೆಲೇಶನ್ ಪಕ್ಕದಲ್ಲಿತ್ತು, ಅದೇ ಮಾದರಿಯದು. ಹೀಗೆ ಅಸಲಿಯೊಂದು ಎದುರಿಗಿದ್ದರೆ ಅರ್ಧ ಕೆಲಸ ಮುಗಿದಂತೆ. ಇಲ್ಲದವರು ಅದೇ ಮಾದರಿ ಸಂಖ್ಯೆಯ, ನಂಬಲರ್ಹವಾದ ಹಲವು ಡಯಲ್‌ಗಳ ದೊಡ್ಡ ಚಿತ್ರಗಳನ್ನು ಎದುರಿಗಿಟ್ಟುಕೊಳ್ಳಬೇಕು. ಒಂದೇ ಚಿತ್ರ ಸಾಲದು, ಏಕೆಂದರೆ ಆ ಚಿತ್ರದ ಗಡಿಯಾರವೇ ರೀಡಯಲ್ ಆಗಿರಬಹುದು.

ಈ ಮಾದರಿಯ ಡಯಲ್ ನಡುವೆ ಚಪ್ಪಟೆಯಾಗಿದ್ದು ಅಂಚಿನ ಕಡೆಗೆ ಹನ್ನೆರಡು ಮುಖಗಳಾಗಿ ಇಳಿಯುತ್ತದೆ. ಮುಖ ಮುಖ ಸೇರುವ ಗೆರೆಗಳು ಅಸಲಿಯಲ್ಲಿ ಚೂಪಾಗಿರುತ್ತವೆ; ಬೆಳಕು ಒಂದು ಮುಖದಿಂದ ಇನ್ನೊಂದಕ್ಕೆ ಥಟ್ಟನೆ ಬದಲಾಗುತ್ತದೆ. ನಮ್ಮ ಎದುರಿಗಿದ್ದ ಡಯಲ್ಲಿನಲ್ಲಿ ಆ ಗೆರೆಗಳು ಮೃದುವಾಗಿದ್ದವು. ಹಳೆಯ ಬಣ್ಣ ತೆಗೆಯುವಾಗ ಉಜ್ಜುತ್ತಾರೆ, ಉಜ್ಜಿದರೆ ಮೂಲೆ ದುಂಡಗಾಗುತ್ತದೆ, ಅದರ ಮೇಲೆ ಹೊಸ ಬಣ್ಣ ಬಿದ್ದರೆ ಇನ್ನಷ್ಟು ದುಂಡಗಾಗುತ್ತದೆ. ಓರೆ ಬೆಳಕಿನಲ್ಲಿ ಇನ್ನೊಂದು ವಿಷಯ ಕಂಡಿತು. ನಾಲ್ಕು ಗಂಟೆಯ ಹತ್ತಿರ ಸಾಸಿವೆಗಿಂತ ಸಣ್ಣ ಎರಡು ಮೂರು ಗುಳಿಗಳು, ಆದರೆ ಗುಳಿಗಳ ಒಳಗೂ ಬಣ್ಣ ಹೊಚ್ಚಹೊಸತು. ಕಾಲಕ್ರಮದಲ್ಲಿ ಹಾಳಾದ ಡಯಲ್ಲಿನಲ್ಲಿ ಲೋಹಕ್ಕೆ ತುಕ್ಕು ಹಿಡಿದ ಕಡೆ ಮೇಲಿನ ಬಣ್ಣವೂ ಉಬ್ಬುತ್ತದೆ, ಒಡೆಯುತ್ತದೆ, ಕಪ್ಪಾಗುತ್ತದೆ. ಲೋಹ ಮಾತ್ರ ತಿಂದುಹೋಗಿ ಬಣ್ಣ ನಗುನಗುತ್ತಾ ಇದ್ದರೆ, ಬಣ್ಣ ತುಕ್ಕಿನ ನಂತರ ಬಂದದ್ದು ಎಂದೇ ಅರ್ಥ. ನನ್ನ ಪಾಲಿಗೆ ಇದು ಅಕ್ಷರಗಳಿಗಿಂತ ಗಟ್ಟಿಯಾದ ಪುರಾವೆ.

ಆಮೇಲೆ ಅಕ್ಷರಗಳು. ಕಾರ್ಖಾನೆಯ ಅಚ್ಚಿನಲ್ಲಿ ಶಾಯಿ ಸ್ವಲ್ಪ ಉಬ್ಬಿ ನಿಂತಿರುತ್ತದೆ, ಅಂಚು ಕತ್ತರಿಸಿದಂತಿರುತ್ತದೆ, ಒಂದೇ ಅಕ್ಷರ ಎರಡು ಕಡೆ ಬಂದರೆ ಎರಡೂ ಕಡೆ ಒಂದೇ ದಪ್ಪ. ‘ಆಟೋಮ್ಯಾಟಿಕ್ ಕ್ರೊನೊಮೀಟರ್ ಅಫಿಷಿಯಲಿ ಸರ್ಟಿಫೈಡ್’ ಎಂಬ ಪುಟ್ಟ ಸಾಲುಗಳನ್ನು ಲೂಪ್‌ನಲ್ಲಿ ನೋಡಿದರೆ, ನನ್ನ ಗಡಿಯಾರದಲ್ಲಿ ಪ್ರತಿ ಅಕ್ಷರದ ಒಳಗಿನ ಖಾಲಿ ಜಾಗ ಸ್ಪಷ್ಟವಾಗಿತ್ತು. ಇದರಲ್ಲಿ ಸಣ್ಣ ಅಕ್ಷರಗಳ ಹೊಟ್ಟೆ ಶಾಯಿಯಿಂದ ತುಂಬಿಹೋಗಿತ್ತು, ಕೆಲವು ಗೆರೆಗಳ ಕೊನೆ ಹರಡಿಕೊಂಡಿತ್ತು. ತಾರೀಖಿನ ಕಿಟಕಿಯ ಒಳ ಅಂಚಿನಲ್ಲಿ ಬಣ್ಣ ಇಳಿದು ಸಣ್ಣ ತುಟಿಯಂತೆ ನಿಂತಿತ್ತು. ಗಂಟೆಯ ಲೋಹದ ಪಟ್ಟಿಗಳ ಬುಡದಲ್ಲೂ ಅಲ್ಲಲ್ಲಿ ಮೆರುಗಿನ ಬಣ್ಣ ಶೇಖರವಾಗಿತ್ತು.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ನೋಡಿದ್ದು ನಿಮಿಷದ ಗೆರೆಗಳನ್ನು. ಐದೈದು ನಿಮಿಷಕ್ಕೊಮ್ಮೆ ಬರುವ ಗೆರೆ ಆಯಾ ಗಂಟೆಯ ಪಟ್ಟಿಯ ನಟ್ಟನಡುವಿನ ನೇರದಲ್ಲಿ ಇರಬೇಕು. ಪಟ್ಟಿಗಳು ಡಯಲ್ಲಿಗೆ ತೂತು ಕೊರೆದು ಕೂರಿಸಿದವು, ಜಾಗ ಬಿಟ್ಟು ಕದಲುವುದಿಲ್ಲ. ಗೆರೆಗಳು ಅಚ್ಚು. ಅಚ್ಚು ಹಾಕುವಾಗ ಡಯಲ್ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದರೂ ಎರಡರ ಸಂಬಂಧ ಕೆಡುತ್ತದೆ, ಮತ್ತು ಕೆಡುವುದಕ್ಕೆ ಒಂದು ಕ್ರಮವಿದೆ. ಇಲ್ಲಿ 12 ಮತ್ತು 6ರ ಗೆರೆಗಳೆರಡೂ ಪಟ್ಟಿಯ ನಡುವಿಗಿಂತ ಎಡಕ್ಕಿದ್ದವು. 9ರ ಹತ್ತಿರ ಗೆರೆಗಳು ಡಯಲ್ಲಿನ ಅಂಚಿಗೆ ತಾಗಿದಂತಿದ್ದವು, 3ರ ಹತ್ತಿರ ಅಂಚಿನಿಂದ ದೂರ ಉಳಿದಿದ್ದವು. ಅಂದರೆ ಇಡೀ ಅಚ್ಚು ಎಡಕ್ಕೆ ಸರಿದಿದೆ. ಹಾಗಿದ್ದರೆ ಅದೇ ಅಚ್ಚಿನಲ್ಲಿ ಬಂದ ಉಳಿದ ಬರಹವೂ ಎಡಕ್ಕಿರಬೇಕಲ್ಲ ಎಂದು ಕೆಳಗೆ ನೋಡಿದೆ. ‘ಸ್ವಿಸ್ ಮೇಡ್’ ಎಂಬ ಎರಡು ಪದಗಳು 6ರ ಪಟ್ಟಿಯ ಆಚೀಚೆ ಸಮನಾಗಿ ಹಂಚಿಕೊಂಡಿರಬೇಕಾದಲ್ಲಿ, ‘ಮೇಡ್’ ಪಟ್ಟಿಗೆ ಒತ್ತಿಕೊಂಡಿತ್ತು, ‘ಸ್ವಿಸ್’ ದೂರ ಸರಿದಿತ್ತು. ಲೆಕ್ಕ ಸರಿಹೋಯಿತು. ಹಾಗಲ್ಲದೆ ಗೆರೆಗಳು ಎಲ್ಲ ಗಂಟೆಗಳಲ್ಲೂ ಸುತ್ತಿನ ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ ತಪ್ಪಿದ್ದರೆ ಅಚ್ಚು ಪಕ್ಕಕ್ಕೆ ಸರಿದದ್ದಲ್ಲ, ತಿರುಗಿಕೊಂಡದ್ದು ಎಂದು ತಿಳಿಯಬೇಕು.

ಒಂದು ಎಚ್ಚರಿಕೆ. ಕಾರ್ಖಾನೆಯಲ್ಲೂ ಅಚ್ಚು ಕೆಲವೊಮ್ಮೆ ಅತಿ ಸ್ವಲ್ಪ ಓರೆಯಾಗಿರುತ್ತದೆ. ಓರೆಯಾದ ಒಂದೇ ಗೆರೆಯನ್ನು ಹಿಡಿದುಕೊಂಡು ಒಳ್ಳೆಯ ಡಯಲ್ಲನ್ನು ತಿರಸ್ಕರಿಸುವವರನ್ನು ಕಂಡರೆ ನನಗೆ ನಿಜವಾಗಿ ಬೇಸರವಾಗುತ್ತದೆ. ಇಲ್ಲಿ ಮೂಲೆಗಳ ದುಂಡು, ಗುಳಿಯೊಳಗಿನ ಹೊಸ ಬಣ್ಣ, ತುಂಬಿದ ಅಕ್ಷರ, ಸರಿದ ಅಚ್ಚು ಎಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ಈಚಿನ ಒಳ್ಳೆಯ ರೀಡಯಲ್‌ಗಳಲ್ಲಿ ಅಕ್ಷರಗಳು ಎಷ್ಟು ಚೆನ್ನಾಗಿರುತ್ತವೆ ಎಂದರೆ ಲೂಪ್ ಒಂದರಿಂದಲೇ ಹಿಡಿಯುವುದು ಕಷ್ಟ. ಅಂಥಲ್ಲಿ ಅಂಚು, ಗುಳಿ, ಕಿಟಕಿಯ ಒಳಭಾಗದಂಥ ಜಾಗಗಳೇ ಗತಿ.

ಮುಳ್ಳುಗಳ ಕಡೆ ಬಂದೆ. ಗಂಟೆ ಮತ್ತು ನಿಮಿಷದ ಮುಳ್ಳುಗಳ ಮೈಮೇಲೆ ಕತ್ತಲಲ್ಲಿ ಹೊಳೆಯುವ ಲೇಪದ ಸಣ್ಣ ಪಟ್ಟಿ ಇತ್ತು, ಕೆನೆ ಬಣ್ಣದ್ದು. ಡಯಲ್ಲಿನಲ್ಲಿ ಮಾತ್ರ ಎಲ್ಲೂ ಆ ಲೇಪದ ಚುಕ್ಕೆಯಿಲ್ಲ. 1960ರ ದಶಕದಲ್ಲಿ ಹೊಳೆಯುವ ಲೇಪಕ್ಕೆ ರೇಡಿಯಂ ಬದಲು ಟ್ರೀಷಿಯಂ ಬಂದ ಮೇಲೆ, ಸ್ವಿಸ್ ಡಯಲ್‌ಗಳಲ್ಲಿ ‘ಸ್ವಿಸ್ ಮೇಡ್’ ಬರಹದ ಆಚೀಚೆ ‘ಟಿ’ ಅಕ್ಷರ ಹಾಕುವ ರೂಢಿ ಬಂತು. ಈ ಡಯಲ್ಲಿನಲ್ಲಿ ‘ಟಿ’ ಇರಲಿಲ್ಲ. ಡಯಲ್ಲಿನಲ್ಲಿ ಹೊಳಪಿಲ್ಲ, ಬರಹದಲ್ಲಿ ಸೂಚನೆಯಿಲ್ಲ, ಮುಳ್ಳಿನಲ್ಲಿ ಮಾತ್ರ ಹೊಳಪು. ಮುಳ್ಳುಗಳು ಬೇರೆ ಡಯಲ್ಲಿನ ಜೊತೆಗಾರರು ಎಂದು ಆಗಲೇ ಅನ್ನಿಸಿತು. ನಿಮಿಷದ ಮುಳ್ಳಿನ ತುದಿ ನಿಮಿಷದ ಗೆರೆಗಳನ್ನು ಮುಟ್ಟುತ್ತಲೂ ಇರಲಿಲ್ಲ, ಸ್ವಲ್ಪ ಮೊದಲೇ ನಿಂತಿತ್ತು.

ಕತ್ತಲ ಕೋಣೆಯಲ್ಲಿ ನೋಟು ಪರೀಕ್ಷಿಸುವ ಅತಿನೇರಳೆ ಟಾರ್ಚ್ ಹಿಡಿದು ನೋಡಿದೆ. ಟ್ರೀಷಿಯಂನ ಅರ್ಧಾಯುಷ್ಯ ಸುಮಾರು 12.3 ವರ್ಷ. ಅರವತ್ತು ವರ್ಷ ಹಳೆಯ ಲೇಪದಲ್ಲಿ ಮೂಲ ಪ್ರಮಾಣದ ಮೂವತ್ತನೇ ಒಂದು ಭಾಗದಷ್ಟೇ ಉಳಿದಿರುತ್ತದೆ, ಹೊಳೆಯುವ ಪುಡಿಯೂ ದಣಿದಿರುತ್ತದೆ. ಟಾರ್ಚ್ ಬಿದ್ದಾಗ ಮಿನುಗಿದರೂ ಟಾರ್ಚ್ ಆರಿಸಿದೊಡನೆ ಅದೂ ಆರಿಹೋಗುತ್ತದೆ. ಈ ಮುಳ್ಳುಗಳು ಟಾರ್ಚ್ ಆರಿಸಿದ ಮೇಲೂ ಬಹಳ ಹೊತ್ತು ಹಸಿರಾಗಿ ಬೆಳಗುತ್ತಿದ್ದವು. ಹಳೆಯದೆಂದು ತೋರಲಿ ಎಂದು ಕೆನೆ ಬಣ್ಣ ಬೆರೆಸಿದ, ಈಚಿನ ಲೇಪ ಅದು. ರೇಡಿಯಂ ಲೇಪವಿರುವ ಇನ್ನೂ ಹಳೆಯ ಗಡಿಯಾರ ಸಿಕ್ಕವರಿಗೆ ಒಂದು ಮಾತು: ಅದರ ಅರ್ಧಾಯುಷ್ಯ ಸುಮಾರು 1,600 ವರ್ಷ. ಹೊಳಪು ಸತ್ತಿದ್ದರೂ ವಿಕಿರಣ ಹಾಗೆಯೇ ಇರುತ್ತದೆ. ಗಾಜು ತೆಗೆದು ಆ ಲೇಪವನ್ನು ಕೆರೆಯುವ, ಊದುವ ಕೆಲಸಕ್ಕೆ ಹೋಗಬಾರದು.

ಮುಚ್ಚಳ ತೆರೆಯುವ ಮೊದಲೇ ಮಷೀನಿನ ಬಗ್ಗೆ ಒಂದು ಸುಳಿವು ಪಡೆಯುವ ದಾರಿ ಈ ಕುಟುಂಬದ ಒಮೆಗಾಗಳಲ್ಲಿದೆ. ತಾರೀಖಿರುವ ಕಾನ್‌ಸ್ಟೆಲೇಶನ್ನಿನ ಈ ಮಾದರಿಗೆ ಮೊದಲು ಬಂದದ್ದು 561 ಸಂಖ್ಯೆಯ ಮಷೀನು. ಅದರಲ್ಲಿ ತಾರೀಖು ಬೇಗ ಬದಲಾಯಿಸುವ ಸೌಲಭ್ಯವಿಲ್ಲ, ಮುಳ್ಳುಗಳನ್ನು ಮಧ್ಯರಾತ್ರಿ ದಾಟಿಸಿಯೇ ತಾರೀಖು ಮುಂದೂಡಬೇಕು. 1960ರ ದಶಕದ ನಡುಭಾಗದ ನಂತರ ಅದರ ಜಾಗಕ್ಕೆ 564 ಬಂತು. ಇದರಲ್ಲಿ ಕೀ ಕೊಡುವ ಗುಂಡಿಯನ್ನು ಸಮಯ ಹೊಂದಿಸುವ ಹಂತಕ್ಕಿಂತ ಇನ್ನೂ ಹೊರಗೆ ಎಳೆದರೆ ತಾರೀಖು ಒಂದು ದಿನ ಹಾರುತ್ತದೆ. ಬಿಟ್ಟರೆ ಗುಂಡಿ ತಾನಾಗಿ ಒಳಸರಿಯುತ್ತದೆ. ಮುಳ್ಳುಗಳನ್ನು ಮಧ್ಯಾಹ್ನದ ಹೊತ್ತಿಗೆ ತಂದುಕೊಂಡು, ಏಕೆಂದರೆ ಮಧ್ಯರಾತ್ರಿಯ ಆಸುಪಾಸಿನಲ್ಲಿ ತಾರೀಖಿನ ಹಲ್ಲುಗಳು ಹೆಣೆದುಕೊಂಡಿರುತ್ತವೆ, ಗುಂಡಿಯನ್ನು ಮೆಲ್ಲಗೆ ಎಳೆದೆ. ತಾರೀಖು ‘ಟಕ್’ ಎಂದು ಹಾರಿತು.

1963ರ ಗಡಿಯಾರ ಹಾಗೆ ಹಾರಬಾರದು. ಕೊಂಡ ವರ್ಷದ ನೆನಪು ತಪ್ಪಿರಬಹುದು, ಅಥವಾ ಮಷೀನು ಬೇರೆ ಇರಬಹುದು. ಇಷ್ಟಕ್ಕೇ ಯಾವುದು ಎಂದು ಹೇಳಲು ಬರುವುದಿಲ್ಲ. ಮುಂದಿನ ಹೆಜ್ಜೆಗೆ ಮಾರುವವರ ಒಪ್ಪಿಗೆ ಬೇಕಿತ್ತು. ಕೇಳಿದಾಗ ಅವರು, “ತೆರೆಸಿ, ಧಾರಾಳವಾಗಿ ತೆರೆಸಿ. ನನಗೂ ತಿಳಿಯಬೇಕು” ಎಂದರು. ತೆರೆಯಲು ಬಿಡದ ಮಾರಾಟಗಾರರಿಂದ ಕಾನ್‌ಸ್ಟೆಲೇಶನ್ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಚ್ಚಳವನ್ನು ನಾನೇ ತೆರೆಯುವ ಪದ್ಧತಿ ನನ್ನದಲ್ಲ. ಸರಿಯಾದ ಸಾಧನವಿಲ್ಲದೆ ತೆರೆದರೆ ಗೀರು ಬೀಳುತ್ತದೆ, ಧೂಳು ಒಳಗಿಳಿಯುತ್ತದೆ. ಹಳೆಯ ಒಮೆಗಾಗಳನ್ನು ಬಹುಕಾಲದಿಂದ ದುರಸ್ತಿ ಮಾಡುತ್ತಿರುವ ಒಬ್ಬ ಹಿರಿಯರ ಬಳಿಗೆ ಒಯ್ದೆವು. ಮುಚ್ಚಳ ತೆರೆದು ಅವರು ಮೊದಲು ತೋರಿಸಿದ್ದು ಅದರ ಒಳಗಿನ ಸಂಖ್ಯೆಯನ್ನು: 168.005.

ಈ ಸಂಖ್ಯೆಗೆ ಅರ್ಥವಿದೆ. 1960ರ ದಶಕದ ಆರಂಭದಿಂದ ಒಮೆಗಾ ಬಳಸಿದ ಈ ಪದ್ಧತಿಯಲ್ಲಿ ಮೊದಲ 1 ಗಂಡಸರ ಕೈಗಡಿಯಾರ, ನಂತರದ 6 ತಾನೇ ಕೀ ತುಂಬಿಕೊಳ್ಳುವ ನಡು ಸೆಕೆಂಡ್ ಮುಳ್ಳಿನ ಮಷೀನು, ಮೂರನೆಯ 8 ನೀರು ತಡೆಯುವ ಕೇಸಿನಲ್ಲಿ ತಾರೀಖಿರುವ ಕ್ರೊನೊಮೀಟರ್. ಅದೇ ಜಾಗದಲ್ಲಿ 7 ಇದ್ದರೆ ತಾರೀಖಿಲ್ಲದ ಕ್ರೊನೊಮೀಟರ್, 6 ಇದ್ದರೆ ತಾರೀಖಿದೆ ಆದರೆ ಕ್ರೊನೊಮೀಟರ್ ಅಲ್ಲ, 5 ಇದ್ದರೆ ಎರಡೂ ಇಲ್ಲ. ಹಾಗಾಗಿ ಡಯಲ್ಲಿನ ಮೇಲೆ ಕಾನ್‌ಸ್ಟೆಲೇಶನ್ ಎಂದಿದ್ದು ಮುಚ್ಚಳದೊಳಗೆ 166 ಅಥವಾ 165ರಿಂದ ಆರಂಭವಾಗುವ ಸಂಖ್ಯೆ ಕಂಡರೆ ಅಲ್ಲಿಗೇ ಸಂಶಯ ಗಟ್ಟಿಯಾಗುತ್ತದೆ. ನಮ್ಮದು ಆ ಪರೀಕ್ಷೆಯಲ್ಲಿ ಪಾಸಾಯಿತು. ಆದರೆ ಸಂಖ್ಯೆ ಇರುವುದು ಮುಚ್ಚಳದ ಮೇಲೆ ಮಾತ್ರ ಎಂಬುದನ್ನು ಮರೆಯಬಾರದು. ಕೇಸಿನ ಒಡಲು ಬೇರೆಯದಾಗಿದ್ದು ಮುಚ್ಚಳ ಮಾತ್ರ ಬಂದಿರಬಹುದು. ಹಿರಿಯರು ಮುಚ್ಚಳವನ್ನು ಮತ್ತೆ ಕೂರಿಸಿ, ಸಂದಿಯನ್ನು ಸುತ್ತಲೂ ನೋಡಿ, ಕೈಗೆ ಕಟ್ಟುವ ಪಟ್ಟಿಯನ್ನು ಸಿಕ್ಕಿಸುವ ಕೇಸಿನ ಕಾಲುಗಳ ಬಾಗನ್ನು ನನ್ನ ಗಡಿಯಾರದ ಪಕ್ಕ ಹಿಡಿದು ಹೋಲಿಸಿದರು. 168.005ರ ಕಾಲುಗಳು ಬಾಗಿ ಮುರಿದಂತೆ ಇಳಿಯುವ ವಿಶಿಷ್ಟ ಆಕಾರದವು. ಪಾಲಿಶ್‌ನಿಂದ ಸವೆದಿದ್ದರೂ ಆಕಾರ ಅದೇ ಆಗಿತ್ತು. ಕೇಸು ಕಾನ್‌ಸ್ಟೆಲೇಶನ್ನಿನದೇ.

ಇನ್ನು ಮಷೀನು. ನೋಡಲು ಸುಂದರವಾಗಿಯೇ ಇತ್ತು: ತಾಮ್ರದ ಛಾಯೆ, ಕೈ ಅಲುಗಿದಾಗ ತಿರುಗಿ ಕೀ ತುಂಬುವ ರೋಟರಿನ ಮೇಲೆ ಒಮೆಗಾ ಹೆಸರು, ಸವೆತ ತಡೆಯುವ ಸಣ್ಣ ಹರಳುಗಳ ಲೆಕ್ಕ ಹೇಳುವ 24 ಜ್ಯುವೆಲ್ ಎಂಬ ಕೆತ್ತನೆ. ಇಲ್ಲಿಯೇ ಹಲವರು ಸಮಾಧಾನಗೊಂಡು ಮುಚ್ಚಳ ಮುಚ್ಚುತ್ತಾರೆ. ತಾಮ್ರದ ಛಾಯೆ ಈ ಇಡೀ ಕುಟುಂಬಕ್ಕೇ ಇದೆ. 24 ಜ್ಯುವೆಲ್ 561ರಲ್ಲೂ ಇದೆ, 564ರಲ್ಲೂ ಇದೆ, ಸೀಮಾಸ್ಟರಿನ 562 ಮತ್ತು 565ರಲ್ಲೂ ಇದೆ. ಆದ್ದರಿಂದ ಜ್ಯುವೆಲ್ ಎಣಿಸಿ ಏನೂ ತಿಳಿಯುವುದಿಲ್ಲ. ನೋಡಬೇಕಾದ್ದು ಎರಡೇ: ಮಷೀನಿನ ಸಂಖ್ಯೆ, ಮತ್ತು ಅದನ್ನು ಎಷ್ಟು ಭಂಗಿಗಳಲ್ಲಿ ಇಟ್ಟು ನೋಡಿ ಅದರ ವೇಗ ಹೊಂದಿಸಲಾಗಿದೆ ಎಂಬ ಕೆತ್ತನೆ. ಕ್ರೊನೊಮೀಟರ್ ದರ್ಜೆಯ ಮಷೀನುಗಳ ಮೇಲೆ ಐದು ಭಂಗಿಗಳಲ್ಲಿ ಮತ್ತು ತಾಪಮಾನಕ್ಕೆ ಹೊಂದಿಸಲಾಗಿದೆ ಎಂದು ಇಂಗ್ಲಿಷಿನಲ್ಲಿ ಕೆತ್ತಿರುತ್ತದೆ.

ಹಿರಿಯರು ರೋಟರನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ನನ್ನ ಕೈಗೆ ಲೂಪ್ ಕೊಟ್ಟು, “ನೀವೇ ಓದಿ” ಎಂದರು. ಸಂಖ್ಯೆ 565. ಐದು ಭಂಗಿಗಳ ಕೆತ್ತನೆ ಎಲ್ಲೂ ಇಲ್ಲ. ಮಷೀನಿನ ಕ್ರಮಸಂಖ್ಯೆ 25 ದಶಲಕ್ಷದ ಶ್ರೇಣಿಯದು. ಸಂಗ್ರಾಹಕರು ಬಳಸುವ ಪಟ್ಟಿಗಳ ಪ್ರಕಾರ ಆ ಶ್ರೇಣಿ ಸುಮಾರು 1967ಕ್ಕೆ ಬರುತ್ತದೆ. 1963ರ ಮಷೀನು 20 ದಶಲಕ್ಷದ ಆಸುಪಾಸಿನಲ್ಲಿ ಇರಬೇಕಿತ್ತು. ಈ ಪಟ್ಟಿಗಳು ಅಂದಾಜಿನವು, ಒಂದೆರಡು ವರ್ಷ ಆಚೀಚೆ ಆಗಬಹುದು. ನಾಲ್ಕು ವರ್ಷದ ಅಂತರಕ್ಕೆ ಆ ಸಮಜಾಯಿಷಿ ಸಾಲದು. ಅದಕ್ಕಿಂತ ಮುಖ್ಯವಾಗಿ, ವರ್ಷದ ನೆನಪು ತಪ್ಪೆಂದು ಒಪ್ಪಿಕೊಂಡರೂ 565 ಎಂಬ ಮಷೀನು 168.005ರ ಕೇಸಿನೊಳಗೆ ಕಾರ್ಖಾನೆಯಿಂದ ಬಂದಿರಲು ಸಾಧ್ಯವಿಲ್ಲ. ಅದು ಕ್ರೊನೊಮೀಟರ್ ಅಲ್ಲ. ಡಯಲ್ ಕ್ರೊನೊಮೀಟರ್ ಎನ್ನುತ್ತದೆ, ಕೇಸು ಕ್ರೊನೊಮೀಟರ್ ಎನ್ನುತ್ತದೆ, ಎದೆಯೊಳಗಿನ ಯಂತ್ರ ಅಲ್ಲ ಎನ್ನುತ್ತದೆ.

ಕೊನೆಯದಾಗಿ ಮಷೀನನ್ನು ಕೇಸಿನಿಂದ ಹೊರತೆಗೆದು, ಮುಳ್ಳುಗಳನ್ನು ಬಿಡಿಸಿ, ಡಯಲ್ಲನ್ನು ಎತ್ತಿದರು. ಡಯಲ್ಲಿನ ಬೆನ್ನಿಗೆ ಸಣ್ಣ ತಾಮ್ರದ ಕಾಲುಗಳಿರುತ್ತವೆ, ಅವು ಮಷೀನಿನ ರಂಧ್ರಗಳಲ್ಲಿ ಇಳಿಯುತ್ತವೆ. ಬೇರೆ ಮಷೀನಿನ ಡಯಲ್ಲನ್ನು ತಂದು ಕೂರಿಸುವವರು ಹೊಂದದ ಕಾಲುಗಳನ್ನು ಕತ್ತರಿಸಿ ಅಂಟಿನ ಬಿಲ್ಲೆ ಹಚ್ಚಿ ಅಂಟಿಸುತ್ತಾರೆ. ಇಲ್ಲಿ ಕಾಲುಗಳು ಪೂರ್ತಿಯಾಗಿದ್ದವು, ಬೆಸುಗೆ ಮುಟ್ಟಿದ ಗುರುತಿರಲಿಲ್ಲ. ಆದರೆ ಬೆನ್ನಿನ ಮೇಲೆ ಚೂಪು ಮೊನೆಯಿಂದ ಗೀಚಿದ ಒಂದು ಕೆಲಸದ ಸಂಖ್ಯೆ ಇತ್ತು. ಅಂಚಿನಲ್ಲಿ, ಕೇಸಿನ ತುಟಿ ಮರೆಮಾಡುವ ಜಾಗದಲ್ಲಿ, ಅರದಿಂದ ತಿಕ್ಕಿದ ಪುಟ್ಟ ಕಚ್ಚು ಕೂಡ ಇತ್ತು. ಮರು ಅಚ್ಚು ಹಾಕುವವರು ಡಯಲ್ಲನ್ನು ಯಂತ್ರದಲ್ಲಿ ನೇರವಾಗಿ ನಿಲ್ಲಿಸಲು ಹೀಗೆ ಕಚ್ಚು ಮಾಡಿಕೊಳ್ಳುವುದುಂಟು. “ಹಲಗೆ ಒಮೆಗಾದ್ದೇ, ಬರಹ ಒಮೆಗಾದ್ದಲ್ಲ” ಎಂದು ಹಿರಿಯರು ಒಂದೇ ಮಾತಿನಲ್ಲಿ ಮುಗಿಸಿದರು. ಡಯಲ್ಲಿನ ಮೇಲೆ ಕೂರಿಸಿದ್ದ ಲೋಹದ ನಕ್ಷತ್ರವನ್ನೂ ಗಂಟೆಯ ಪಟ್ಟಿಗಳನ್ನೂ ತಿರುಗಿಸಿ ನೋಡಿ, ಅವು ಮೂಲದವೇ ಎಂದೂ ಹೇಳಿದರು.

ಹಾಗಿದ್ದರೆ ಇದರ ಹಿಂದೆ ಮೋಸವಿತ್ತೇ? ಇರಬೇಕೆಂದೇನೂ ಇಲ್ಲ. ಹಿರಿಯರ ಊಹೆ ನನಗೆ ಒಪ್ಪಿಗೆಯಾಯಿತು: ಎಂದೋ ನೀರು ಒಳಗೆ ಹೋಗಿದೆ, ಡಯಲ್ಲಿನ ಗುಳಿಗಳು ಅದರ ಗುರುತು. ಮೂಲ ಮಷೀನು ತುಕ್ಕು ಹಿಡಿದಿದೆ, ಬಿಡಿಭಾಗ ಸಿಕ್ಕಿಲ್ಲ, ಅಳತೆಗೆ ಕೂರುವ 565 ಸಿಕ್ಕಿದೆ. ಡಯಲ್ ಹಾಳಾಗಿದ್ದರಿಂದ ಬಣ್ಣಕ್ಕೆ ಹೋಗಿದೆ, ಮುಳ್ಳುಗಳು ಕೈಗೆ ಸಿಕ್ಕಿದವು ಬಂದಿವೆ. ಆ ಕಾಲದಲ್ಲಿ ಗಡಿಯಾರ ಓಡಬೇಕಿತ್ತು, ಅಷ್ಟೇ. ಕಂಪನಿಯೇ ದುರಸ್ತಿಗೆಂದು ಮಾಡಿಕೊಟ್ಟ ಹೊಸ ಡಯಲ್, ಮುಳ್ಳು, ಗುಂಡಿಗಳೂ ಹಳೆಯ ಗಡಿಯಾರಗಳಲ್ಲಿ ಇರುತ್ತವೆ; ಅವನ್ನು ರೀಡಯಲ್ ಜೊತೆ ಸೇರಿಸಬಾರದು, ಮೂಲದ್ದು ಎಂದೂ ಕರೆಯಬಾರದು. ತಪ್ಪು ಆಗುವುದು, ಇದೆಲ್ಲ ಗೊತ್ತಿದ್ದೂ ‘ಎಲ್ಲವೂ ಮೂಲದ್ದು’ ಎಂದು ಮಾರಿದಾಗ.

ನಾನು ಒಂದು ಹಾಳೆಯ ಮೇಲೆ ಬರೆದುಕೊಟ್ಟೆ: ಕೇಸು ಮತ್ತು ಮುಚ್ಚಳ 168.005, ಪಾಲಿಶ್ ಆಗಿದೆ. ಡಯಲ್ಲಿನ ಹಲಗೆ, ನಕ್ಷತ್ರ, ಪಟ್ಟಿಗಳು ಮೂಲದವು, ಬಣ್ಣ ಮತ್ತು ಬರಹ ನಂತರದವು. ಮುಳ್ಳುಗಳು ಬೇರೆಯವು, ಲೇಪ ಹೊಸದು. ಮಷೀನು 565, ಸುಮಾರು 1967, ಕ್ರೊನೊಮೀಟರ್ ಅಲ್ಲ. ಮಾರುವವರು ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಬೆಲೆಯನ್ನೂ ನೀವೇ ಹೇಳಿ” ಎಂದರು. ಕಾನ್‌ಸ್ಟೆಲೇಶನ್ನಿನ ಬೆಲೆ ಬಿಟ್ಟು, ಓಡುವ 565 ಮಷೀನು ಮತ್ತು ಒಂದು ಒಳ್ಳೆಯ ಕೇಸಿನ ಬೆಲೆ ಕೂಡಿಸಿ ನೋಡಿ ಎಂದೆ. ನನ್ನ ಸಹೋದ್ಯೋಗಿ ಆ ಲೆಕ್ಕಕ್ಕೇ ಕೊಂಡರು.

ಆಮೇಲೆ ಅವರು ಕೇಳಿದ ಪ್ರಶ್ನೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. “ಎಲ್ಲಾದರೂ ಒಂದು 561 ಹುಡುಕಿ ಒಳಗೆ ಹಾಕಿಸಿ, ಸರಿಯಾದ ಮುಳ್ಳುಗಳನ್ನೂ ಹಾಕಿಸಿಬಿಟ್ಟರೆ ಗಡಿಯಾರ ಸರಿಹೋಗುತ್ತದಲ್ಲವೇ?” ನೋಡಲು ಸರಿಹೋಗುತ್ತದೆ, ನಿಜ. ಸಂಖ್ಯೆಗಳೆಲ್ಲ ಒಂದಕ್ಕೊಂದು ಹೊಂದುತ್ತವೆ. ಆದರೆ ಆ 561 ಇನ್ನೊಂದು ಗಡಿಯಾರದಿಂದ ಕಿತ್ತದ್ದೇ ಆಗಿರುತ್ತದೆ. ಆ ಕ್ರಮಸಂಖ್ಯೆಯ ಮಷೀನು ಯಾವ ಮಾದರಿಯ ಗಡಿಯಾರದಲ್ಲಿ ಕಾರ್ಖಾನೆ ಬಿಟ್ಟಿತು ಎಂಬುದು ಕಂಪನಿಯ ಹಳೆಯ ದಾಖಲೆಯಲ್ಲಿ ಬೇರೆಯಾಗಿಯೇ ಇರಬಹುದು. ಈಗಿನ ಕಲಬೆರಕೆ ಯಾರು ಮುಚ್ಚಳ ತೆರೆದರೂ ತಿಳಿಯುವಂಥದ್ದು. ಸರಿಪಡಿಸಿದ ಮೇಲೆ ಅದು ಯಾರಿಗೂ ತಿಳಿಯದ ಕಲಬೆರಕೆ ಆಗುತ್ತದೆ. 2021ರ ನವೆಂಬರ್‌ನಲ್ಲಿ ಜಿನೀವಾದ ಹರಾಜಿನಲ್ಲಿ 31 ಲಕ್ಷ ಸ್ವಿಸ್ ಫ್ರಾಂಕ್‌ಗೂ ಹೆಚ್ಚಿಗೆ ಮಾರಾಟವಾದ ಒಮೆಗಾ ಸ್ಪೀಡ್‌ಮಾಸ್ಟರ್ 2915-1 ಇಂಥದ್ದೇ. ಕೊಂಡದ್ದು ಒಮೆಗಾದ ಸ್ವಂತ ವಸ್ತುಸಂಗ್ರಹಾಲಯಕ್ಕೆ. ಅದು ಬೇರೆ ಬೇರೆ ಬಿಡಿಭಾಗಗಳನ್ನು ಜೋಡಿಸಿ ಮಾಡಿದ ಗಡಿಯಾರ ಎಂದು ಕಂಪನಿ 2023ರಲ್ಲಿ ಹೇಳಿತು. ಬಿಡಿಭಾಗಗಳಲ್ಲಿ ಬಹುತೇಕ ಅಸಲಿಯಾಗಿದ್ದದ್ದೇ ಎಲ್ಲರನ್ನೂ ನಂಬಿಸಿತ್ತು.

ಸಹೋದ್ಯೋಗಿ ಮುಳ್ಳುಗಳನ್ನು ಮಾತ್ರ ಬದಲಾಯಿಸಿಕೊಂಡರು, ನಿಮಿಷದ ಮುಳ್ಳು ಗೆರೆಗಳನ್ನು ಮುಟ್ಟುವುದಿಲ್ಲ ಎಂಬುದು ಅವರ ಕಣ್ಣಿಗೆ ಚುಚ್ಚುತ್ತಿತ್ತು. 565 ಒಳಗೇ ಉಳಿಯಿತು, ಹಾಳೆಯಲ್ಲಿ ಮುಳ್ಳುಗಳ ಸಾಲನ್ನು ನಾನು ತಿದ್ದಿ ಬರೆದೆ.